ಸೇರಿಸದ ಸಕ್ಕರೆ, ಇರುವ ಸಕ್ಕರೆ

ಡೊಂಬಿವಲಿಯ ಒಂದು ಫ್ಲ್ಯಾಟು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರನ್ನು ನೋಡಲು ಅವರ ತಂಗಿಯ ಮಗ ಬಂದಿದ್ದಾನೆ. ಮಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದು ಅವನಿಗೆ ಗೊತ್ತು. ಹಾಗಾಗಿ ಪೇಡೆ ಬಿಟ್ಟು, ಯೋಚಿಸಿಯೇ ಒಂದು ಲೀಟರಿನ ಸೇಬಿನ ಜ್ಯೂಸ್ ಪ್ಯಾಕ್ ತಂದಿದ್ದಾನೆ. ‘ಸಕ್ಕರೆ ಹಾಕಿದ್ದಲ್ಲ ಮಾವ, ಪ್ಯಾಕಿನ ಮೇಲೇ ಬರೆದಿದ್ದಾರೆ ನೋಡಿ’ ಎನ್ನುತ್ತಾನೆ. ಮುಂಭಾಗದಲ್ಲಿ ಹಸಿರು ಅಕ್ಷರಗಳಲ್ಲಿ ‘ನೋ ಆ್ಯಡೆಡ್ ಶುಗರ್’ ಎಂದಿದೆ. ಅತ್ತೆ ಸ್ಟೀಲಿನ ಲೋಟದ ತುಂಬ ಬಗ್ಗಿಸಿ ಕೊಡುತ್ತಾರೆ. ಕಾಫಿಗೆ ಅರ್ಧ ಚಮಚ ಸಕ್ಕರೆಯನ್ನೂ ಹಾಕಿಕೊಳ್ಳದ ಮನುಷ್ಯ ಆ ಲೋಟವನ್ನು ಎರಡೇ ನಿಮಿಷದಲ್ಲಿ ಮುಗಿಸಿ ಕೆಳಗಿಡುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಏಳು ಚಮಚ ಸಕ್ಕರೆ ಇತ್ತು.

ಮುಂಬೈ, ಪುಣೆ, ಚೆನ್ನೈ ಎನ್ನದೆ ಎಲ್ಲ ಊರುಗಳ ಮನೆಗಳಲ್ಲೂ ನಡೆಯುವ ಈ ಪ್ರಸಂಗದಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅಳಿಯನೂ ಹೇಳಿಲ್ಲ, ಪ್ಯಾಕಿನ ಮೇಲಿನ ಬರಹವೂ ಹೇಳಿಲ್ಲ. ಸಕ್ಕರೆ ಸೇರಿಸಿಲ್ಲ ಎಂಬುದು ನಿಜ, ಸಕ್ಕರೆ ಹೇರಳವಾಗಿ ಇದೆ ಎಂಬುದೂ ಅಷ್ಟೇ ನಿಜ. ಎರಡು ನಿಜಗಳ ಪೈಕಿ ಒಂದನ್ನು ಮುಂಭಾಗದಲ್ಲಿ ದಪ್ಪಗೆ ಅಚ್ಚು ಹಾಕಿ ಇನ್ನೊಂದನ್ನು ಹಿಂಭಾಗದ ಪಟ್ಟಿಯೊಳಗೆ ಇಟ್ಟಿರುವುದೇ ಇಲ್ಲಿನ ತೊಡಕು.

ಇದರಲ್ಲಿ ಭಾಷೆಯ ಪಾಲೂ ಇದೆ. ಕನ್ನಡದ ಅಡುಗೆಮನೆಯಲ್ಲಿ ಸಕ್ಕರೆ ಎಂದರೆ ಡಬ್ಬಿಯಲ್ಲಿರುವ ಬಿಳಿ ಹರಳು. ‘ಸಕ್ಕರೆ ಹಾಕಿಲ್ಲ’ ಎಂದರೆ ಸಪ್ಪೆ ಎಂದೇ ಅರ್ಥ. ಸಕ್ಕರೆ ಹಾಕದ ಕಾಫಿ, ಸಕ್ಕರೆ ಹಾಕದ ಹಾಲು. ಪ್ಯಾಕಿನ ಹಿಂದಿನ ಪಟ್ಟಿ ಮಾತ್ರ ಬೇರೆ ಅರ್ಥದಲ್ಲಿ ಮಾತಾಡುತ್ತದೆ. ಅಲ್ಲಿ ‘ಶುಗರ್ಸ್’ ಎಂಬುದು ಬಹುವಚನ. ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ಎಲ್ಲವೂ ಅದರೊಳಗೆ ಬರುತ್ತವೆ. ಡಬ್ಬಿಯಲ್ಲಿರುವ ಹರಳು ಸುಕ್ರೋಸ್, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೋಡಿ. ಸೇಬಿನ ರಸದಲ್ಲಿ ಇವೇ ಮೂರೂ ಇವೆ, ಫ್ರಕ್ಟೋಸಿನ ಪಾಲು ಸ್ವಲ್ಪ ಹೆಚ್ಚು, ಅಷ್ಟೇ. ಕರುಳಿನಲ್ಲಿ ಸುಕ್ರೋಸ್ ಒಡೆದ ಮೇಲೆ, ಈ ಗ್ಲೂಕೋಸ್ ಕಬ್ಬಿನಿಂದ ಬಂದದ್ದೋ ಸೇಬಿನಿಂದ ಬಂದದ್ದೋ ಎಂದು ಕೇಳುವ ವ್ಯವಸ್ಥೆ ದೇಹದಲ್ಲಿಲ್ಲ.

ಹಣ್ಣಿನ ರಸದಲ್ಲಿ ಅಷ್ಟೊಂದು ಸಕ್ಕರೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಕಾರ್ಖಾನೆಯ ದಾರಿಯನ್ನು ಒಮ್ಮೆ ನೋಡಬೇಕು. ಅಂಗಡಿಯಲ್ಲಿ ಸಿಗುವ ಸೇಬಿನ ಜ್ಯೂಸ್ ಬಹುಪಾಲು ನೇರವಾಗಿ ಹಿಂಡಿ ತುಂಬಿದ್ದಲ್ಲ. ಹಣ್ಣನ್ನು ತೊಳೆದು, ಅರೆದು, ಒತ್ತಿ ರಸ ತೆಗೆಯುತ್ತಾರೆ. ರಸವನ್ನು ಮಬ್ಬಾಗಿಸುವ ಪೆಕ್ಟಿನ್ ಅನ್ನು ಕಿಣ್ವ ಹಾಕಿ ಒಡೆಯುತ್ತಾರೆ, ಸೋಸಿ ತಿಳಿಯಾಗಿಸುತ್ತಾರೆ. ಸಿಪ್ಪೆ, ತಿರುಳು, ನಾರು ಎಲ್ಲ ಚರಟವಾಗಿ ಆಚೆ ಹೋಗುತ್ತವೆ. ಉಳಿದ ರಸದ ನೀರನ್ನು ಆವಿ ಮಾಡಿ, ಜೇನಿನಂತೆ ದಪ್ಪಗಿರುವ ಕಾನ್ಸಂಟ್ರೇಟ್ ಮಾಡಿ ಇಡುತ್ತಾರೆ. ಸಾಗಣೆಗೂ ಶೇಖರಣೆಗೂ ಅದೇ ಅಗ್ಗ. ಮುಂದೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ, ತೆಗೆದಷ್ಟು ನೀರನ್ನು ಮತ್ತೆ ಸೇರಿಸುತ್ತಾರೆ. ಪ್ಯಾಕಿನ ಪದಾರ್ಥಗಳ ಪಟ್ಟಿಯಲ್ಲಿ ‘ನೀರು, ಸೇಬಿನ ರಸದ ಕಾನ್ಸಂಟ್ರೇಟ್’ ಎಂದು ಕಾಣುವುದು ಇದಕ್ಕೇ.

ಎಷ್ಟು ನೀರು ಸೇರಿಸಬೇಕು ಎಂದು ನಿರ್ಧರಿಸುವ ಅಳತೆಯ ಹೆಸರು ಬ್ರಿಕ್ಸ್. ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಘನಪದಾರ್ಥ ಕರಗಿದೆ ಎಂಬುದನ್ನು ಅದು ಹೇಳುತ್ತದೆ. ಹಣ್ಣಿನ ರಸದಲ್ಲಿ ಕರಗಿರುವುದು ಹೆಚ್ಚಾಗಿ ಸಕ್ಕರೆಯೇ, ಜೊತೆಗೆ ಸ್ವಲ್ಪ ಆಮ್ಲ ಮತ್ತು ಲವಣ. ಸೇಬಿನ ಕಾನ್ಸಂಟ್ರೇಟ್ ಸಾಮಾನ್ಯವಾಗಿ 70 ಬ್ರಿಕ್ಸ್ ಇರುತ್ತದೆ, ಅಂದರೆ ಒಂದು ಕೆಜಿಯಲ್ಲಿ 700 ಗ್ರಾಂ ಘನಪದಾರ್ಥ. ನೀರು ಸೇರಿಸಿದ ಮೇಲೆ ಸೇಬಿನ ರಸ ಕನಿಷ್ಠ 11.5 ಬ್ರಿಕ್ಸ್ ಇರಬೇಕು ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳುತ್ತದೆ. ಲೆಕ್ಕ ಮಾಡಿದರೆ ಒಂದು ಕೆಜಿ ಕಾನ್ಸಂಟ್ರೇಟಿಗೆ ಐದು ಕೆಜಿ ನೀರು ಸೇರಿ ಸುಮಾರು ಆರು ಕೆಜಿ ಜ್ಯೂಸ್ ಆಗುತ್ತದೆ. ಅದೇ ಮಾನದಂಡದಲ್ಲಿ ದಾಳಿಂಬೆಗೆ 12, ಅನಾನಸಿಗೆ 12.8, ದ್ರಾಕ್ಷಿಗೆ 16.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬ್ರಿಕ್ಸ್ ಎಂಬುದು ಕನಿಷ್ಠ ಮಿತಿ, ಗರಿಷ್ಠ ಮಿತಿಯಲ್ಲ. ನೀರು ಹೆಚ್ಚು ಬೆರೆಸಿ ಗಿರಾಕಿಯನ್ನು ವಂಚಿಸಬಾರದು ಎಂಬ ನ್ಯಾಯವಾದ ಉದ್ದೇಶಕ್ಕೆ ಮಾಡಿದ ನಿಯಮ ಅದು. ಆದರೆ ಅದರ ಪರಿಣಾಮ ಏನೆಂದರೆ, ಕಡಿಮೆ ಸಿಹಿಯ ಸೇಬಿನ ರಸ ತನ್ನನ್ನು ಜ್ಯೂಸ್ ಎಂದು ಕರೆದುಕೊಳ್ಳುವಂತಿಲ್ಲ. ಸಿಹಿಯೇ ಅದರ ಗುಣಮಟ್ಟದ ಗುರುತು. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಪ್ಯಾಕಿನಲ್ಲಿ ಸಕ್ಕರೆ ಇರುವುದು ಆಕಸ್ಮಿಕವಲ್ಲ, ಅದಿಲ್ಲದಿದ್ದರೆ ಅದು ಜ್ಯೂಸೇ ಅಲ್ಲ.

ಈಗ ಡೊಂಬಿವಲಿಯ ಆ ಪ್ಯಾಕನ್ನು ತಿರುಗಿಸಿ ಹಿಂಭಾಗ ನೋಡಬಹುದು. ಸೇಬಿನ ಜ್ಯೂಸಿನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ನೂರು ಮಿಲಿಗೆ ಶಕ್ತಿ 47 ಕಿಲೊಕ್ಯಾಲರಿ, ಕಾರ್ಬೋಹೈಡ್ರೇಟ್ 11.5 ಗ್ರಾಂ, ಒಟ್ಟು ಸಕ್ಕರೆ 11 ಗ್ರಾಂ, ಸೇರಿಸಿದ ಸಕ್ಕರೆ 0 ಗ್ರಾಂ. ಒಂದು ಸರ್ವಿಂಗ್ ಎಂದರೆ 200 ಮಿಲಿ. ಆ ಸರ್ವಿಂಗಿನಲ್ಲಿ 22 ಗ್ರಾಂ ಸಕ್ಕರೆ ಇದೆ. ಚಹಾ ಚಮಚವೊಂದಕ್ಕೆ ನಾಲ್ಕು ಗ್ರಾಂ ಎಂದು ಹಿಡಿದರೆ ಐದೂವರೆ ಚಮಚ. ಆದರೆ ಮನೆಯ ಲೋಟಕ್ಕೆ ಸರ್ವಿಂಗ್ ಎಂಬುದು ಗೊತ್ತಿಲ್ಲ. ಅತ್ತೆ ಬಗ್ಗಿಸಿದ ಸ್ಟೀಲಿನ ಲೋಟ 250 ಮಿಲಿಯದ್ದಾದರೆ ಸಕ್ಕರೆ 27.5 ಗ್ರಾಂ, ಹತ್ತಿರಹತ್ತಿರ ಏಳು ಚಮಚ. ಪಕ್ಕದಲ್ಲಿ ಕೋಲಾ ಬಾಟಲಿ ಇಟ್ಟು ನೋಡಿದರೆ ಅದರಲ್ಲಿ ನೂರು ಮಿಲಿಗೆ ಸುಮಾರು 10.6 ಗ್ರಾಂ. ಸೇಬಿನ ಜ್ಯೂಸ್ ಕೋಲಾದ ಸಮಕ್ಕೆ ನಿಲ್ಲುತ್ತದೆ. ದ್ರಾಕ್ಷಿ ರಸ ಅದನ್ನೂ ಮೀರುತ್ತದೆ. ಕಿತ್ತಳೆ ರಸ ಎಂಟೊಂಬತ್ತು ಗ್ರಾಂನಲ್ಲಿ ಸ್ವಲ್ಪ ಕೆಳಗಿದೆ.

ಇಷ್ಟಾದರೂ ‘ನೋ ಆ್ಯಡೆಡ್ ಶುಗರ್’ ಎಂಬ ಮಾತು ಕಾನೂನಿನ ಕಣ್ಣಿಗೆ ಸರಿಯೇ. ಸಕ್ಕರೆ, ಬೆಲ್ಲ, ಜೇನು, ಸಿರಪ್ ಯಾವುದನ್ನೂ ಹಾಕಿಲ್ಲ. ಕಾನ್ಸಂಟ್ರೇಟನ್ನು ನೀರು ಸೇರಿಸದೆ ಸಿಹಿಗೆಂದು ಹಾಕಿದರೆ ಅದು ಸೇರಿಸಿದ ಸಕ್ಕರೆಯ ಸಾಲಿಗೆ ಬರುತ್ತದೆ, ಮೂಲ ರಸದ ಹದಕ್ಕೆ ನೀರು ಸೇರಿಸಿದರೆ ಬರುವುದಿಲ್ಲ. ಕೆಲವು ಪ್ಯಾಕುಗಳ ಮೇಲೆ ‘ನೈಸರ್ಗಿಕವಾಗಿ ಇರುವ ಸಕ್ಕರೆ ಇದೆ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಯುರೋಪಿನಲ್ಲಿ ಹಾಗೆ ಬರೆಯಬೇಕೆಂಬ ನಿಯಮವೇ ಇದೆ. ಆದರೆ ‘ನೈಸರ್ಗಿಕ’ ಎಂಬ ಪದ ಎಚ್ಚರಿಕೆಯಾಗಿ ಕೇಳಿಸುವುದಿಲ್ಲ, ಹೊಗಳಿಕೆಯಾಗಿ ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ಲೋಪ ಅದೇ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಮಾಡಿದ ಲೇಬಲ್ ನಿಯಮಗಳ ಪ್ರಕಾರ ಒಂದು ಸರ್ವಿಂಗ್ ದಿನದ ಮಿತಿಯ ಎಷ್ಟು ಶೇಕಡಾ ಆಗುತ್ತದೆ ಎಂದು ತೋರಿಸಬೇಕು. ಸಕ್ಕರೆಯ ಮಟ್ಟಿಗೆ ಆ ಶೇಕಡಾವಾರು ಲೆಕ್ಕ ಇರುವುದು ‘ಸೇರಿಸಿದ ಸಕ್ಕರೆ’ಗೆ ಮಾತ್ರ, ದಿನಕ್ಕೆ 50 ಗ್ರಾಂ ಎಂಬ ಆಧಾರದಲ್ಲಿ. ‘ಒಟ್ಟು ಸಕ್ಕರೆ’ಯ ಸಾಲಿನಲ್ಲಿ ಗ್ರಾಂ ಇರುತ್ತದೆ, ಶೇಕಡಾ ಇರುವುದಿಲ್ಲ. ಹಾಗಾಗಿ 22 ಗ್ರಾಂ ಸಕ್ಕರೆಯಿರುವ ಸೇಬಿನ ಜ್ಯೂಸಿನ ಸರ್ವಿಂಗಿಗೆ ಆ ಕಾಲಮ್ಮಿನಲ್ಲಿ ಸಿಗುವ ಅಂಕ ಸೊನ್ನೆ. ಕಷ್ಟಪಟ್ಟು ಹಿಂಭಾಗ ತಿರುಗಿಸಿ ಓದಿದ ಗಿರಾಕಿಗೂ ಮುಂಭಾಗದ ಮಾತೇ ಮತ್ತೊಮ್ಮೆ ಕೇಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಈ ಗೆರೆಯನ್ನು ಬೇರೆ ಕಡೆ ಎಳೆದಿದೆ. 2015ರ ಅದರ ಮಾರ್ಗಸೂಚಿ ಸೇರಿಸಿದ ಸಕ್ಕರೆಯ ಬದಲು ‘ಫ್ರೀ ಶುಗರ್ಸ್’ ಎಂಬ ಮಾತು ಬಳಸುತ್ತದೆ. ಬಿಡಿ ಸಕ್ಕರೆ ಎನ್ನೋಣ. ಕಾರ್ಖಾನೆಯವರೋ ಅಡುಗೆಯವರೋ ತಿನ್ನುವವರೋ ಹಾಕಿದ ಸಕ್ಕರೆಯ ಜೊತೆಗೆ ಜೇನು, ಸಿರಪ್, ಹಣ್ಣಿನ ರಸ ಮತ್ತು ಅದರ ಕಾನ್ಸಂಟ್ರೇಟಿನಲ್ಲಿ ತಾನಾಗಿ ಇರುವ ಸಕ್ಕರೆಯನ್ನೂ ಅದು ಈ ಲೆಕ್ಕಕ್ಕೆ ಸೇರಿಸುತ್ತದೆ. ಇಡೀ ಹಣ್ಣಿನ ಸಕ್ಕರೆಯನ್ನು, ಹಾಲಿನ ಸಕ್ಕರೆಯನ್ನು ಸೇರಿಸುವುದಿಲ್ಲ. ಬಿಡಿ ಸಕ್ಕರೆ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ಅದರ ಸಲಹೆ. 2000 ಕಿಲೊಕ್ಯಾಲರಿ ಊಟದವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಡೊಂಬಿವಲಿಯ ಆ ಒಂದು ಲೋಟ 25 ಗ್ರಾಂ ಗೆರೆಯನ್ನು ದಾಟಿಯೇ ಬಿಟ್ಟಿದೆ. ಲೇಬಲ್ಲಿನ ಪ್ರಕಾರ ಮಾತ್ರ ಅವರು ಇನ್ನೂ ಸೊನ್ನೆಯಲ್ಲಿದ್ದಾರೆ.

ಸೇಬಿನಲ್ಲಿರುವ ಸಕ್ಕರೆಯೇ ಸೇಬಿನ ರಸದಲ್ಲೂ ಇರುವಾಗ ಒಂದಕ್ಕೆ ವಿನಾಯಿತಿ, ಇನ್ನೊಂದಕ್ಕೆ ಮಿತಿ ಏಕೆ ಎಂದು ಜ್ಯೂಸ್ ಉದ್ಯಮ ಕೇಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಯೋಗವನ್ನು ನೋಡಬಹುದು. ಇಂಗ್ಲೆಂಡಿನ ಬ್ರಿಸ್ಟಲ್ಲಿನ ಸಂಶೋಧಕರು ಹತ್ತು ಮಂದಿ ಆರೋಗ್ಯವಂತರಿಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಸೇಬನ್ನು ಮೂರು ರೂಪದಲ್ಲಿ, ಬೇರೆಬೇರೆ ಸಲ ಕೊಟ್ಟರು: ಇಡೀ ಹಣ್ಣು, ಅರೆದ ಹಣ್ಣು, ನಾರು ತೆಗೆದ ರಸ. ಹಣ್ಣು ತಿನ್ನಲು ಸರಾಸರಿ ಹದಿನೇಳು ನಿಮಿಷ, ಅರೆದದ್ದಕ್ಕೆ ಆರು ನಿಮಿಷ, ರಸಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಹಣ್ಣು ತಿಂದವರಿಗೆ ಹೊಟ್ಟೆ ತುಂಬಿದಂತಾಯಿತು, ರಸ ಕುಡಿದವರಿಗೆ ಅಷ್ಟು ಆಗಲಿಲ್ಲ. ರಸ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿತು, ಅದರ ಹಿಂದೆಯೇ ರಕ್ತದ ಗ್ಲೂಕೋಸ್ ಮೊದಲಿದ್ದ ಮಟ್ಟಕ್ಕಿಂತ ಕೆಳಕ್ಕೆ ಕುಸಿಯಿತು. ಹಣ್ಣು ತಿಂದಾಗ ಹಾಗಾಗಲಿಲ್ಲ.

ಸಕ್ಕರೆ ಅದೇ, ಪ್ರಮಾಣವೂ ಅದೇ. ವ್ಯತ್ಯಾಸವಾದದ್ದು ಅದರ ಸುತ್ತಲಿನ ಗೋಡೆ. ಹಣ್ಣಿನಲ್ಲಿ ಸಕ್ಕರೆ ಜೀವಕೋಶಗಳೊಳಗೆ ನಾರಿನ ಗೋಡೆಯ ಹಿಂದೆ ಇರುತ್ತದೆ. ಅದನ್ನು ಹಲ್ಲು ಒಡೆಯಬೇಕು, ಹೊಟ್ಟೆ ನಿಧಾನವಾಗಿ ಬಿಡಿಸಬೇಕು. ರಸದಲ್ಲಿ ಆ ಕೆಲಸವನ್ನು ಯಂತ್ರ ಮೊದಲೇ ಮಾಡಿ ಮುಗಿಸಿದೆ. ಇನ್ನೊಂದು ವಿಷಯ ಲೆಕ್ಕದ್ದು. 200 ಮಿಲಿ ರಸಕ್ಕೆ ಸಾಧಾರಣ ಗಾತ್ರದ ಎರಡು ಸೇಬು ಬೇಕು. ಎರಡು ಸೇಬನ್ನು ಒಮ್ಮೆಗೆ ಕೂತು ತಿನ್ನುವವರು ಕಡಿಮೆ, ಒಂದು ಲೋಟ ಕುಡಿದು ಇನ್ನರ್ಧ ಲೋಟ ಕೇಳುವವರು ಬಹಳ.

ದೊಡ್ಡ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಅಮೆರಿಕದ 1.87 ಲಕ್ಷ ಆರೋಗ್ಯ ಕ್ಷೇತ್ರದ ನೌಕರರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಡೀ ಹಣ್ಣು, ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ಹೆಚ್ಚು ತಿಂದವರಲ್ಲಿ ಟೈಪ್ 2 ಡಯಾಬಿಟಿಸ್ ಕಡಿಮೆ ಕಂಡಿತು, ಹಣ್ಣಿನ ರಸ ಹೆಚ್ಚು ಕುಡಿದವರಲ್ಲಿ ಸ್ವಲ್ಪ ಹೆಚ್ಚು ಕಂಡಿತು. ಇದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ರಸವೇ ಕಾಯಿಲೆ ತಂದಿತು ಎಂದು ಇದರಿಂದ ಸಾಧಿಸಲಾಗದು. ವಾರಕ್ಕೊಮ್ಮೆ ಸಣ್ಣ ಲೋಟ ಕುಡಿದರೆ ಆರೋಗ್ಯವಂತರಿಗೆ ಏನೋ ಆಗಿಬಿಡುತ್ತದೆ ಎನ್ನಲೂ ಆಗದು. ಕಿತ್ತಳೆ ರಸದಲ್ಲಿ ವಿಟಮಿನ್ ಸಿ ಇದೆ, ಪೊಟ್ಯಾಸಿಯಂ ಇದೆ, ಕೋಲಾದಲ್ಲಿ ಅವಿಲ್ಲ. ಆದರೆ ವಿಟಮಿನ್ ಇದೆ ಎಂಬ ಕಾರಣಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ.

ಇನ್ನೊಂದು ಸಮರ್ಥನೆ ಗ್ಲೈಸಿಮಿಕ್ ಇಂಡೆಕ್ಸಿನದ್ದು. ಸೇಬಿನ ರಸದ ಈ ಸೂಚ್ಯಂಕ ಕಡಿಮೆ ಇರುವುದು ನಿಜ. ಅದಕ್ಕೆ ಕಾರಣ ಅದರ ಸಕ್ಕರೆಯಲ್ಲಿ ಹೆಚ್ಚು ಪಾಲು ಫ್ರಕ್ಟೋಸ್ ಆಗಿರುವುದು. ಫ್ರಕ್ಟೋಸ್ ನೇರವಾಗಿ ರಕ್ತದ ಗ್ಲೂಕೋಸ್ ಆಗಿ ಕಾಣಿಸಿಕೊಳ್ಳದೆ ಹೆಚ್ಚಾಗಿ ಯಕೃತ್ತಿಗೆ ಹೋಗುತ್ತದೆ. ಗ್ಲೂಕೋಮೀಟರ್ ಅದನ್ನು ಅಳೆಯುವುದಿಲ್ಲ, ಆದರೆ ಕ್ಯಾಲರಿ ಎಲ್ಲಿಗೂ ಹೋಗಿರುವುದಿಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಟಿಫಿನ್ ಡಬ್ಬಿಯ ಪಕ್ಕ ಇಡುವ 200 ಮಿಲಿಯ ಸಣ್ಣ ಪ್ಯಾಕ್ ದೊಡ್ಡವರ ಅಳತೆಯದ್ದು. ಭಾರತೀಯ ಮಕ್ಕಳ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಹಣ್ಣಿನ ರಸ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 125 ಮಿಲಿ, ಅದೂ ತಾಜಾ ಆದರೆ ಮೇಲು. ಅಂದರೆ ನಾಲ್ಕು ವರ್ಷದ ಮಗು ಒಂದು ಸಣ್ಣ ಪ್ಯಾಕನ್ನು ಪೂರ್ತಿ ಹೀರಿದರೆ ಮಿತಿಯ ಒಂದೂವರೆ ಪಟ್ಟು ದಾಟಿದಂತೆ.

ಮೂಲೆಯ ಜ್ಯೂಸ್ ಸೆಂಟರಿನ ಮೋಸಂಬಿ ರಸ ಇದಕ್ಕಿಂತ ವಾಸಿಯೇ ಎಂಬ ಪ್ರಶ್ನೆ ಬರುತ್ತದೆ. ಸೋಸಿದ ಮೇಲೆ ಅದೂ ಬಿಡಿ ಸಕ್ಕರೆಯೇ. ಕೇಳದಿದ್ದರೆ ಅದಕ್ಕೆ ಎರಡು ಚಮಚ ಸಕ್ಕರೆ ಪಾಕವೂ ಬೀಳುತ್ತದೆ. ಹಾಗಾಗಿ ಇದು ಪ್ಯಾಕೆಟ್ಟಿನ ಮೇಲಿನ ದ್ವೇಷದ ಮಾತಲ್ಲ. ಹಣ್ಣನ್ನು ಹಿಂಡಿದರೆ ಏನಾಗುತ್ತದೆ ಎಂಬುದರ ಮಾತು. ಪ್ಯಾಕೆಟ್ಟಿನ ಹೆಚ್ಚಿನ ಹೊಣೆ ಇರುವುದು ಅದು ಬರೆದುಕೊಳ್ಳುವ ಮಾತಿನಲ್ಲಿ. ಜ್ಯೂಸ್ ಸೆಂಟರಿನವನು ತನ್ನ ಮೋಸಂಬಿ ಸಕ್ಕರೆ ಕಾಯಿಲೆಯವರಿಗೆ ಆಗುತ್ತದೆ ಎಂಬ ಸೂಚನೆ ಕೊಡುವುದಿಲ್ಲ.

ಅಂಗಡಿಯಲ್ಲಿ ನಿಂತು ತಿಳಿಯುವ ಉಪಾಯ ಕಷ್ಟದ್ದಲ್ಲ. ಮುಂಭಾಗವನ್ನು ಬಿಟ್ಟು ‘ಟೋಟಲ್ ಶುಗರ್ಸ್’ ಎಂಬ ಸಾಲನ್ನು ನೋಡಬೇಕು. ನೂರು ಮಿಲಿಗೆ ಎಷ್ಟು ಗ್ರಾಂ ಎಂಬುದನ್ನು ಮನೆಯ ಲೋಟದ ಅಳತೆಗೆ ಏರಿಸಿ ನಾಲ್ಕರಿಂದ ಭಾಗಿಸಿದರೆ ಚಮಚದ ಲೆಕ್ಕ ಸಿಗುತ್ತದೆ. ಪದಾರ್ಥಗಳ ಪಟ್ಟಿ ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಗುತ್ತದೆ. ಮುಂದೆ ದಾಳಿಂಬೆಯ ಚಿತ್ರವಿದ್ದು ಪಟ್ಟಿಯಲ್ಲಿ ಸೇಬು ಅಥವಾ ದ್ರಾಕ್ಷಿ ಮೊದಲು ಬಂದಿದ್ದರೆ, ಕುಡಿಯುತ್ತಿರುವುದು ಯಾವ ಹಣ್ಣು ಎಂಬುದೂ ತಿಳಿಯುತ್ತದೆ. ಒಟ್ಟು ಸಕ್ಕರೆ ಎರಡು ಮೂರು ಗ್ರಾಂ ಮಾತ್ರ ಇದ್ದರೆ ಅದು ಪೂರ್ತಿ ಸೇಬಿನ ರಸವಾಗಿರಲಾರದು. ನೀರು ಹೆಚ್ಚಾಗಿರುವ ಪಾನೀಯವಾಗಿರುತ್ತದೆ, ಸಿಹಿಗೆ ಸುಕ್ರಲೋಸ್ ಅಥವಾ ಸ್ಟೀವಿಯ ಇದೆಯೇ ಎಂದು ಪಟ್ಟಿಯಲ್ಲಿ ಹುಡುಕಬೇಕು.

ಆದರೆ ಪ್ರತಿ ಗಿರಾಕಿಯೂ ಅಂಗಡಿಯಲ್ಲಿ ನಿಂತು ಗುಣಾಕಾರ ಮಾಡಬೇಕು ಎನ್ನುವುದು ನ್ಯಾಯವಲ್ಲ. ಬದಲಾಗಬೇಕಾದದ್ದು ಲೇಬಲ್. ಎಫ್‌ಎಸ್‌ಎಸ್‌ಎಐ ಈ ದಿಕ್ಕಿನಲ್ಲಿ ಎರಡು ಹೆಜ್ಜೆ ಇಟ್ಟಿದೆ. 2024ರ ಜೂನ್‌ನಲ್ಲಿ, ಕಾನ್ಸಂಟ್ರೇಟಿಗೆ ನೀರು ಸೇರಿಸಿ ಮಾಡಿದ ಜ್ಯೂಸನ್ನು ‘ಶೇ. 100 ಹಣ್ಣಿನ ರಸ’ ಎಂದು ಲೇಬಲ್ಲಿನಲ್ಲಾಗಲಿ ಜಾಹೀರಾತಿನಲ್ಲಾಗಲಿ ಹೇಳಿಕೊಳ್ಳಬಾರದು ಎಂದು ಆದೇಶಿಸಿತು. ಕೆಜಿಗೆ 15 ಗ್ರಾಂಗಿಂತ ಹೆಚ್ಚು ಸಿಹಿ ಸೇರಿಸಿದ್ದರೆ ‘ಸ್ವೀಟನ್ಡ್ ಜ್ಯೂಸ್’ ಎಂದೇ ಬರೆಯಬೇಕು ಎಂದೂ ನೆನಪಿಸಿತು. ಮರುತಿಂಗಳು, ಒಟ್ಟು ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬಿನ ವಿವರವನ್ನು ದಪ್ಪ ಮತ್ತು ದೊಡ್ಡ ಅಕ್ಷರಗಳಲ್ಲಿ ತೋರಿಸಬೇಕೆಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂ ಸರಿಯಾದ ಹೆಜ್ಜೆಗಳೇ. ಆದರೆ ದಪ್ಪ ಅಕ್ಷರದ 22 ಗ್ರಾಂ ಎಂಬುದು, ಎಷ್ಟರಲ್ಲಿ 22 ಎಂದು ಗೊತ್ತಿಲ್ಲದವರಿಗೆ ಬರೀ ಅಂಕಿ.

ಬೇಕಾಗಿರುವುದು ಸಣ್ಣ ತಿದ್ದುಪಡಿ. ಹಣ್ಣಿನ ರಸದ ಮಟ್ಟಿಗಾದರೂ ಶೇಕಡಾವಾರು ಲೆಕ್ಕ ಸೇರಿಸಿದ ಸಕ್ಕರೆಗೆ ಬದಲು ಬಿಡಿ ಸಕ್ಕರೆಗೆ ಆಗಬೇಕು. ಆಗ ಸೊನ್ನೆಯ ಜಾಗದಲ್ಲಿ 22ಕ್ಕೆ ಶೇ. 44 ಎಂದು ಬರುತ್ತದೆ. ಮುಂಭಾಗದಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯುವವರು ಅದರ ಪಕ್ಕದಲ್ಲೇ, ಅದೇ ಗಾತ್ರದಲ್ಲಿ, ಒಟ್ಟು ಸಕ್ಕರೆ ಎಷ್ಟು ಎಂಬುದನ್ನೂ ಬರೆಯಬೇಕು. ಇದರಿಂದ ಜನ ಹಣ್ಣಿಗೇ ಹೆದರುತ್ತಾರೆ ಎಂಬ ಆತಂಕಕ್ಕೆ ಅರ್ಥವಿಲ್ಲ. ಮಾರುಕಟ್ಟೆಯಲ್ಲಿ ಗುಡ್ಡೆ ಹಾಕಿ ಮಾರುವ ಸೇಬಿಗೆ ಲೇಬಲ್ಲೇ ಇಲ್ಲ.

ಡೊಂಬಿವಲಿಯ ಹಿರಿಯರ ಚೀಲದಲ್ಲಿ ವೈದ್ಯರು ಬರೆದುಕೊಟ್ಟ ಚೀಟಿಯೊಂದಿದೆ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಕೆಲವೊಮ್ಮೆ ಸಕ್ಕರೆ ತೀರ ಇಳಿದು ಬೆವರು, ಕೈನಡುಕ ಬರುತ್ತದೆ. ಆಗ ಮಾಡಬೇಕಾದದ್ದು ಆ ಚೀಟಿಯಲ್ಲಿದೆ: ಅರ್ಧ ಲೋಟ, ಅಂದರೆ ಸುಮಾರು 120 ಮಿಲಿ ಹಣ್ಣಿನ ರಸ ಅಥವಾ ಮೂರು ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು. ಜಗತ್ತಿನ ಎಲ್ಲ ಕಡೆ ವೈದ್ಯರು ಕೊಡುವ ಸಲಹೆ ಇದು. ಸಕ್ಕರೆ ನೀರಿನ ಬದಲಿಗೆ ಹಣ್ಣಿನ ರಸ ಎಂದು ಅವರು ಧೈರ್ಯವಾಗಿ ಬರೆಯುವುದು, ಎರಡೂ ಅಷ್ಟೇ ಬೇಗ ರಕ್ತಕ್ಕೆ ಸೇರುತ್ತವೆ ಎಂದು ಗೊತ್ತಿರುವುದರಿಂದ. ಸಕ್ಕರೆ ಸೇರಿಸಿಲ್ಲ ಎಂಬ ಪ್ಯಾಕೂ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಅಳಿಯ ತಂದ ಪ್ಯಾಕಿನಲ್ಲಿ ಇನ್ನೂ ಮುಕ್ಕಾಲು ಲೀಟರ್ ಉಳಿದಿದೆ. ಎಸೆಯಬೇಕಾಗಿಲ್ಲ. ಫ್ರಿಜ್ಜಿನ ಬಾಗಿಲಲ್ಲಿಟ್ಟು, ತೆರೆದ ಮೇಲೆ ಎಷ್ಟು ದಿನ ಇಡಬಹುದೆಂದು ಪ್ಯಾಕಿನ ಮೇಲೆ ಬರೆದಿದೆಯೋ ಅಷ್ಟರೊಳಗೆ ಮನೆಯ ಉಳಿದವರು ಸಣ್ಣ ಲೋಟದಲ್ಲಿ ಕುಡಿದು ಮುಗಿಸಬಹುದು. ಹಿರಿಯರಿಗೆ ಮುಂದಿನ ಸಲ ಎರಡು ಸೇಬು ತಂದರೆ ಸಾಕು. ಒಂದನ್ನು ಅವರು ಹೆಚ್ಚಿಕೊಂಡು ತಿನ್ನುವಷ್ಟರಲ್ಲಿ ಅಳಿಯನ ಜೊತೆ ಹದಿನೇಳು ನಿಮಿಷದ ಮಾತೂ ಆಗುತ್ತದೆ.